ಅರವತ್ತನೇ ಕಂತಿನ ಮೂವತ್ತಾರು ರೂಪಾಯಿ

ಹಾಸನದ ಒಂದು ಪತ್ತಿನ ಸಹಕಾರ ಸಂಘಕ್ಕೆ ನಾನು ಲೆಕ್ಕಪತ್ರದ ಕೆಲಸ ಮಾಡಿಕೊಡುತ್ತೇನೆ. ಸಾಲ ಕೊಡುವಾಗ ಸಾಲಗಾರರ ಕೈಗೆ ಕೊಡುವ ಕಂತಿನ ಪಟ್ಟಿ ಇದೆಯಲ್ಲ, ಅದರ ಎಕ್ಸೆಲ್ ಶೀಟು ಮಾಡಿದ್ದು ನಾನೇ. ಹಾಗಾಗಿ ಈ ಕಥೆಯಲ್ಲಿ ತಪ್ಪು ಯಾರದು ಅಂತ ಹುಡುಕೋ ಕೆಲಸ ಇಲ್ಲ.

ಆಲೂರು ಕಡೆಯ ಒಬ್ಬರು ಹಸು ತರೋಕೆ ಒಂದು ಲಕ್ಷ ಸಾಲ ತೆಗೆದುಕೊಂಡಿದ್ದರು. ವರ್ಷಕ್ಕೆ ಶೇಕಡಾ 12 ಬಡ್ಡಿ, 60 ತಿಂಗಳು, ಕಂತು 2,224 ರೂಪಾಯಿ. ಐದು ವರ್ಷದಲ್ಲಿ ಒಂದು ಕಂತನ್ನೂ ತಪ್ಪಿಸಿರಲಿಲ್ಲ, ತಾರೀಕೂ ದಾಟಿಸಿರಲಿಲ್ಲ. ಕೊನೆ ಕಂತು ಕಟ್ಟಿ, ಬೇಬಾಕಿ ಪತ್ರ ಕೇಳಿದರು. ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, "ಇನ್ನೂ ಮೂವತ್ತಾರು ರೂಪಾಯಿ ಚಿಲ್ಲರೆ ಬಾಕಿ ತೋರಿಸ್ತಿದೆ ಅಣ್ಣ, ಖಾತೆ ಕ್ಲೋಸ್ ಆಗ್ತಿಲ್ಲ" ಅಂದಳು.

ಅವರು ಜೇಬಿನಿಂದ ನಾಲ್ಕು ಮಡಿಕೆ ಮಾಡಿದ್ದ ಪಟ್ಟಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. "ಏನ್ ಸಾ ಇದು? ಅರವತ್ತು ಕಂತು ಅಂತ ನೀವೇ ಬರ್ಕೊಟ್ಟಿದ್ದೀರ. ಅರವತ್ತೂ ಕಟ್ಟಿದ್ದೀನಿ. ಕೊನೇಲಿ ಸೊನ್ನೆ ಅಂತಾನೂ ಇದೆ ನೋಡಿ." ನೋಡಿದೆ. ಹೌದು, ಕೊನೆ ಸಾಲಿನಲ್ಲಿ ಬಾಕಿ ಸೊನ್ನೆ. ಕೆಳಗೆ ಸಂಘದ ಸೀಲು. ಹಣ 36 ರೂಪಾಯಿ ಅನ್ನೋದು ದೊಡ್ಡ ಮಾತಲ್ಲ. ಆದರೆ ಸಂಘ ಕೊಟ್ಟ ಕಾಗದ ಒಂದು ಹೇಳುತ್ತೆ, ಸಂಘದ ಲೆಡ್ಜರ್ ಇನ್ನೊಂದು ಹೇಳುತ್ತೆ ಅಂದರೆ ಅವರಿಗೆ ನಾನು ಏನು ಉತ್ತರ ಕೊಡಲಿ?

ಅವತ್ತು ಸಂಜೆ ಕೂತು ಶೀಟು ಬಿಚ್ಚಿದೆ. ಕಂತು ಲೆಕ್ಕ ಹಾಕೋ PMT ಸೂತ್ರ ನಿಜವಾಗಿ ಕೊಡುವುದು 2,224.4448. ನಾನು ಆ ಸೆಲ್ಲಿಗೆ ದಶಮಾಂಶ ಕಾಣದ ಹಾಗೆ ಫಾರ್ಮ್ಯಾಟ್ ಮಾಡಿದ್ದೆ, ಅಷ್ಟೇ. ಕಣ್ಣಿಗೆ 2,224, ಒಳಗೆ 2,224.4448. ಶೀಟು ಒಳಗಿನ ಅಂಕಿಯಿಂದ ಬಾಕಿ ಇಳಿಸುತ್ತಾ ಹೋಗಿ ಕೊನೆಗೆ ಸರಿಯಾಗಿ ಸೊನ್ನೆಗೆ ತಲುಪಿದೆ. ಕೌಂಟರಿನಲ್ಲಿ ಕಟ್ಟಿಸಿಕೊಂಡಿದ್ದು ಮಾತ್ರ ಕಣ್ಣಿಗೆ ಕಂಡ 2,224. ಆ 44 ಪೈಸೆ ಪ್ರತಿ ತಿಂಗಳೂ ಸಾಲದಲ್ಲೇ ಉಳಿದುಕೊಂಡಿದೆ.

"44 ಪೈಸೆ ಇಂಟು 60 ಅಂದ್ರೆ 26 ರೂಪಾಯಿ 69 ಪೈಸೆ ಆಗ್ಬೇಕಲ್ವಾ ಸರ್, 36 ಹೇಗೆ ಬಂತು?" ಅಂತ ಅದೇ ಹುಡುಗಿ ಕೇಳಿದಳು. ಒಳ್ಳೆ ಪ್ರಶ್ನೆ. ಉಳಿದ ಪೈಸೆ ಸುಮ್ನೆ ಕೂರುವುದಿಲ್ಲ, ಅಸಲಿನ ಜೊತೆ ಸೇರಿಕೊಂಡು ಅದೂ ಬಡ್ಡಿ ಎಳೆಯುತ್ತೆ. ಮೊದಲ ತಿಂಗಳು ಉಳಿದ 44 ಪೈಸೆ 59 ತಿಂಗಳು ಶೇಕಡಾ 1ರಂತೆ ಬೆಳೆದು ಕೊನೆಗೆ 80 ಪೈಸೆ ಆಗಿರುತ್ತೆ. ಎರಡನೇ ತಿಂಗಳಿನದು ಅದಕ್ಕಿಂತ ಸ್ವಲ್ಪ ಕಡಿಮೆ. ಹೀಗೆ ಅರವತ್ತನ್ನೂ ಕೂಡಿದರೆ 60ರ ಬದಲು ಸುಮಾರು 81.67ರಿಂದ ಗುಣಿಸಿದ ಹಾಗಾಗುತ್ತೆ. ಅರವತ್ತು ಕಂತು ಕಟ್ಟಿದ ಮೇಲೆ ಎಷ್ಟು ಬಾಕಿ ಉಳಿಯುತ್ತೆ ಅನ್ನೋದನ್ನು ಇಡೀ ಪಟ್ಟಿ ಹಾಕದೆ FV ಸೂತ್ರದಿಂದ ಒಂದೇ ಸಾಲಿನಲ್ಲಿ ನೋಡಬಹುದು:

```
=FV(12%/12,60,2224,-100000)
```

ಉತ್ತರ 36.32. ಮೂವತ್ತಾರು ಎಲ್ಲಿಂದ ಬಂತು ಅನ್ನೋದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ. ಈಗಲೂ ಯಾವುದಾದರೂ ಸಾಲದ ಕೊನೆಯಲ್ಲಿ ವ್ಯತ್ಯಾಸ ಕಂಡರೆ ನಾನು ಮೊದಲು ಮಾಡೋದು ಇದನ್ನೇ. ಈ ಉತ್ತರವೂ ಬಾಕಿಯೂ ಪೈಸೆಗಳ ಲೆಕ್ಕದಲ್ಲಿ ಹೊಂದಿದರೆ ತಪ್ಪು ಕಂತಿನ ರೌಂಡಿಂಗ್‌ನದು. ಹೊಂದದಿದ್ದರೆ ಬಡ್ಡಿಯ ಕಡೆ ನೋಡಬೇಕು.

ಸರಿಮಾಡೋಕೆ ಹೋಗಿ ಇನ್ನೊಂದು ತಪ್ಪು ಮಾಡಿದೆ. ಮೊದಲು PMT ಸುತ್ತ ROUND ಹಾಕಿ ಕಂತನ್ನು ನಿಜವಾಗಿಯೇ 2,224 ಮಾಡಿದೆ. ಶೀಟಿನ ಕೊನೆಯಲ್ಲೂ 36 ಕಾಣಿಸಿತು. ಕನಿಷ್ಠ ಸುಳ್ಳು ಹೇಳೋದು ನಿಂತಿತು. ಆಗ ಕಾರ್ಯದರ್ಶಿಯವರು, "ಬಡ್ಡಿ ಕಾಲಂನಲ್ಲಿ ಪೈಸೆ ಯಾಕಪ್ಪಾ, ರೂಪಾಯಿ ಸಾಕು" ಅಂದರು. ಬಡ್ಡಿಗೆ INT ಹಾಕಿದೆ. ಅಂದರೆ 987.76 ಇದ್ದರೆ 987, ಪೈಸೆ ಕತ್ತರಿಸಿ ಬಿಸಾಕೋದು. ಕೊನೆ ಸಾಲಿಗೆ ಹೋಗಿ ನೋಡಿದರೆ ಬಾಕಿ 36 ಮಾಯ! ಮೈನಸ್ 5 ರೂಪಾಯಿ ಮಾತ್ರ. ಇಷ್ಟು ಸಾಕು ಅಂತ ಖುಷಿಯಾಗಿ ಮನೆಗೆ ಹೋದೆ.

ಮಾರನೇ ದಿನ ಸುಮ್ನೆ ಅಸಲಿನ ಜಾಗದಲ್ಲಿ ಎರಡು ಲಕ್ಷ ಹಾಕಿ ನೋಡಿದೆ. ಅದೇ ಬಡ್ಡಿ, ಅದೇ 60 ತಿಂಗಳು. ಕಂತು 4,449. ಕೊನೆ ಬಾಕಿ ಮೈನಸ್ 49. ಮೇಲಿನ FV ಸೂತ್ರಕ್ಕೆ ಕೇಳಿದರೆ ಮೈನಸ್ 9 ಆಗಬೇಕಿತ್ತು. ಹಾಗಾದರೆ ಮಿಕ್ಕ 40 ರೂಪಾಯಿ ಯಾವುದು?

ಅದು INT ತಿಂದ ಪೈಸೆ. ಕತ್ತರಿಸುವ ಪೈಸೆ ಒಂದು ತಿಂಗಳು 76 ಇರಬಹುದು, ಇನ್ನೊಂದು ತಿಂಗಳು 10 ಇರಬಹುದು. ಸರಾಸರಿ ಸುಮಾರು ಅರ್ಧ ರೂಪಾಯಿ. ಯಾವಾಗಲೂ ಒಂದೇ ಕಡೆಗೆ, ಬಡ್ಡಿ ಕಮ್ಮಿ ಆಗೋ ಕಡೆಗೆ. ಅರ್ಧ ರೂಪಾಯಿಯನ್ನು 81.67ರಿಂದ ಗುಣಿಸಿದರೆ ನಲವತ್ತರ ಹತ್ತಿರ. ಎರಡು ಲಕ್ಷದಲ್ಲಿ 9 ಮತ್ತು 40 ಒಂದೇ ದಿಕ್ಕಿಗೆ ಸೇರಿ 49 ಆದವು. ಒಂದು ಲಕ್ಷದಲ್ಲಿ 36 ಈ ಕಡೆ ಎಳೆದರೆ 41 ಆ ಕಡೆ ಎಳೆದಿತ್ತು, ಅದಕ್ಕೇ ಮೈನಸ್ 5 ಅಂತ ಸಾಧು ಥರ ಕಂಡಿದ್ದು. ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡಿದ್ದವು. ಇಷ್ಟರ ಮೇಲೆ ಸಂಘದ ಲೆಡ್ಜರ್ ಬಡ್ಡಿಯನ್ನು ಪೈಸೆವರೆಗೆ ಹಾಕುತ್ತೆ. ಶೀಟು ಮೈನಸ್ 5 ಅಂದರೂ ಲೆಡ್ಜರಿನಲ್ಲಿ ಆ 36 ಹಾಗೇ ಇರುತ್ತಿತ್ತು.

ಒಂದು ಅಸಲು ಮಾತ್ರ ಹಾಕಿ ನೋಡಿ ಶೀಟು ಸರಿ ಅಂದುಕೊಂಡಿದ್ದು ನನ್ನ ದಡ್ಡತನ. ಈಗ ಕಂತು ಕೆಳಕ್ಕೆ ರೌಂಡ್ ಆಗೋ ಒಂದು ಸಾಲ, ಮೇಲಕ್ಕೆ ಆಗೋ ಒಂದು ಸಾಲ, ಎರಡನ್ನೂ ಹಾಕಿಯೇ ನೋಡುತ್ತೇನೆ.

ಕೊನೆಗೆ ನಿಂತ ಶೀಟು ಹೀಗಿದೆ. H1 ಅಸಲು, H2 ವರ್ಷದ ಬಡ್ಡಿ, H3 ತಿಂಗಳುಗಳು, H4 ಕಂತು. ಪಟ್ಟಿಯಲ್ಲಿ A ಕಂತಿನ ಸಂಖ್ಯೆ, B ತಿಂಗಳ ಮೊದಲಿನ ಬಾಕಿ, C ಬಡ್ಡಿ, D ಕಟ್ಟೋದು, E ಅಸಲಿಗೆ ಹೋಗೋದು, F ಉಳಿದ ಬಾಕಿ.

```
H4: =ROUND(-PMT(H2/12,H3,H1),0)
C2: =ROUND(B2*$H$2/12,2)
D2: =IF(A2=$H$3,B2+C2,$H$4)
E2: =D2-C2
F2: =ROUND(B2-E2,2)
```

B2ರಲ್ಲಿ ಅಸಲು, B3ರಿಂದ ಕೆಳಗೆ ಮೇಲಿನ ಸಾಲಿನ F. ಇದರ ಜೀವ ಇರೋದು D ಕಾಲಂನಲ್ಲಿ. ಕೊನೆ ಸಾಲು ಬಂದಾಗ ಮಾಮೂಲಿ ಕಂತನ್ನು ಬಿಟ್ಟು, ಉಳಿದ ಅಸಲು ಪೂರ್ತಿ ಮತ್ತು ಆ ತಿಂಗಳ ಬಡ್ಡಿ ಎರಡನ್ನೂ ಕೂಡಿ ಕೇಳುತ್ತೆ. ಹಸುವಿನ ಸಾಲದಲ್ಲಿ 60ನೇ ತಿಂಗಳ ಮೊದಲು 2,237 ರೂಪಾಯಿ ಚಿಲ್ಲರೆ ಅಸಲು ಉಳಿದಿರುತ್ತೆ. ಬಡ್ಡಿ 22 ರೂಪಾಯಿ 38 ಪೈಸೆ. ಕೊನೆ ಕಂತು 2,260 ರೂಪಾಯಿ ಚಿಲ್ಲರೆ. ವ್ಯತ್ಯಾಸ ಎಲ್ಲೂ ಮಾಯ ಆಗಿಲ್ಲ, ಮೊದಲ ದಿನವೇ ಪಟ್ಟಿಯಲ್ಲಿ ಕಾಣುತ್ತೆ. ಅಷ್ಟೇ ನಮಗೆ ಬೇಕಿದ್ದಿದ್ದು.

ಬಡ್ಡಿಯನ್ನು ಪ್ರತಿ ಸಾಲಿನಲ್ಲೂ ಪೈಸೆಗೆ ROUND ಮಾಡಿದ್ದು ಲೆಡ್ಜರ್ ಹಾಗೆ ಮಾಡುತ್ತೆ ಅಂತ. ನಿಮ್ಮಲ್ಲಿ ಲೆಡ್ಜರ್ ಬಡ್ಡಿಯನ್ನು ರೂಪಾಯಿಗೆ ಹಾಕಿದರೆ ಶೀಟೂ ರೂಪಾಯಿಗೇ ಹಾಕಲಿ. ROUND ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಹೋಗುತ್ತೆ, ಅದರಿಂದ ಬಹುತೇಕ ವ್ಯತ್ಯಾಸ ತಾನೇ ವಜಾ ಆಗಿ ಕೆಲವೇ ರೂಪಾಯಿ ಉಳಿಯುತ್ತೆ. INT ಮಾತ್ರ ಬೇಡ. F ಕಾಲಂನ ROUND ಬೇರೆ ಕಾರಣಕ್ಕೆ. ಎಕ್ಸೆಲ್ ಪೈಸೆಗಳನ್ನು ಒಳಗೆ ಪಕ್ಕಾ ಇಟ್ಟುಕೊಳ್ಳಲ್ಲ. ಕಳೆಯುತ್ತಾ ಹೋದರೆ ಹತ್ತನೇ ದಶಮಾಂಶದ ಆಚೆ ಕಸ ಸೇರುತ್ತೆ, ಸೊನ್ನೆ ಇರಬೇಕಾದ ಕಡೆ ಒಮ್ಮೊಮ್ಮೆ ಮೈನಸ್ ಸೊನ್ನೆ ಕಾಣುತ್ತೆ.

"ಬಾಕಿ ಐವತ್ತು ರೂಪಾಯಿಗಿಂತ ಕಮ್ಮಿ ಇದ್ರೆ ಸೊನ್ನೆ ಅಂತ ಬರೆದುಬಿಡು" ಅಂತ ಒಬ್ಬರು ಹೇಳಿದ್ದರು. ಹಾಗೆ ಮಾಡಿದರೆ ಪಟ್ಟಿ ಚೆನ್ನಾಗಿ ಕಾಣುತ್ತೆ, ಲೆಡ್ಜರ್ ಚೆನ್ನಾಗಿ ಕಾಣಲ್ಲ. ನಾಳೆ ಸೂತ್ರದಲ್ಲೇ ನಿಜವಾದ ತಪ್ಪಿದ್ದರೂ ಅದೇ ಐವತ್ತರ ಕೆಳಗೆ ಅವಿತುಕೊಳ್ಳುತ್ತೆ. ನಾನು ಒಪ್ಪಲಿಲ್ಲ.

ಪಟ್ಟಿ ಸರಿಯಾದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ಕೊನೆ ತಿಂಗಳು ಸಾಲಗಾರನಿಗೆ ಜಾಸ್ತಿ ಕೇಳೋದು ಹೇಗೆ? ಲೆಕ್ಕ ಸರಿಯೇ ಇದ್ದರೂ ಅದು ಜಗಳಕ್ಕೆ ದಾರಿ. ಅದಕ್ಕೆ H4ನಲ್ಲಿ ROUND ತೆಗೆದು ROUNDUP ಹಾಕಿದೆವು. ಒಂದು ಲಕ್ಷಕ್ಕೆ ಕಂತು 2,225 ಆಯಿತು. ತಿಂಗಳಿಗೆ ಒಂದು ರೂಪಾಯಿ ಜಾಸ್ತಿ, ಅದು ಅಸಲಿಗೇ ಹೋಗುತ್ತೆ, ಕೊನೆ ಕಂತು 2,179 ರೂಪಾಯಿ ಚಿಲ್ಲರೆಗೆ ಇಳಿಯುತ್ತೆ. ಐದು ವರ್ಷದಲ್ಲಿ ಸಾಲಗಾರ ಕಟ್ಟೋ ಒಟ್ಟು ಹಣ 21 ರೂಪಾಯಿ ಚಿಲ್ಲರೆಯಷ್ಟು ಕಡಿಮೆ. ಕೊನೆ ದಿನ "ನಲವತ್ತೈದು ರೂಪಾಯಿ ಕಮ್ಮಿ ಕೊಡಿ" ಅಂದರೆ ಇಲ್ಲಿಯವರೆಗೆ ಯಾರೂ ಕೌಂಟರಿನಲ್ಲಿ ಪಟ್ಟಿ ಬಿಡಿಸಿಟ್ಟಿಲ್ಲ.

ಇದೆಲ್ಲ ಹೇಳಿದ ದಿನಕ್ಕೇ ಕಂತು ಕಟ್ಟೋರ ಲೆಕ್ಕ. ಹತ್ತು ದಿನ ತಡ ಮಾಡಿದರೆ ಲೆಡ್ಜರ್ ದಿನದ ಲೆಕ್ಕದಲ್ಲಿ ಬಡ್ಡಿ ಹಾಕುತ್ತೆ. ಒಂದು ಲಕ್ಷ ಬಾಕಿ ಇರುವಾಗ ಶೇಕಡಾ 12ರಂತೆ ಹತ್ತು ದಿನದ ಬಡ್ಡಿಯೇ 328 ರೂಪಾಯಿ ಮೇಲಾಯಿತು. ಅದರ ಮುಂದೆ ರೌಂಡಿಂಗ್ ವ್ಯತ್ಯಾಸ ಯಾವ ಲೆಕ್ಕ? ಅಂಥ ಖಾತೆಗಳಲ್ಲಿ ಕೊನೆ ಕಂತನ್ನು ಪಟ್ಟಿಯಿಂದ ಹೇಳಬಾರದು, ಆ ದಿನದ ಲೆಡ್ಜರ್ ನೋಡಿಯೇ ಹೇಳಬೇಕು.

ಆಲೂರಿನವರ 36 ರೂಪಾಯಿಯನ್ನು ಆಡಳಿತ ಮಂಡಳಿ ಠರಾವು ಮಾಡಿ ಮನ್ನಾ ಮಾಡಿತು. ಪಟ್ಟಿಯಲ್ಲಿ ಸೊನ್ನೆ ಅಂತ ಸೀಲು ಹಾಕಿ ಕೊಟ್ಟ ಮೇಲೆ ಬೇರೆ ದಾರಿ ಇರಲಿಲ್ಲ. ಹಳೆ ಪಟ್ಟಿ ಹಿಡಿದುಕೊಂಡಿರೋ ಮಿಕ್ಕವರಿಗೆ ಹೊಸದು ಪ್ರಿಂಟ್ ಮಾಡಿ ಕೊಡುತ್ತಿದ್ದೇವೆ. ಅದರಲ್ಲಿ ಕೊನೆ ಸಾಲು ಮಾತ್ರ ದಪ್ಪಕ್ಷರ. ಉಳಿತಾಯ ಖಾತೆಯಿಂದ ತಾನಾಗೇ ಕಂತು ಕಟ್ ಆಗೋರಿಗೆ ಅದನ್ನು 59ಕ್ಕೇ ನಿಲ್ಲಿಸಿ, 60ನೇದನ್ನು ಕೌಂಟರಿಗೇ ಬಂದು ಕಟ್ಟಿ ಅಂತ ಕೆಳಗೆ ಒಂದು ಸಾಲು ಬರೆದಿದ್ದೇವೆ. ಇಲ್ಲದಿದ್ದರೆ ಅಲ್ಲೂ 2,225 ಹೋಗಿ, 45 ರೂಪಾಯಿ ವಾಪಸ್ ಕೊಡೋಕೆ ಇನ್ನೊಂದು ವೋಚರ್ ಬರೀಬೇಕಾಗುತ್ತೆ.