ಅಕ್ಕನಿಗೆ ಫೋನ್ ಮಾಡಿದೆ: ಒಂದು ಶೀರ್ಷಿಕೆಗೆ ಹನ್ನೊಂದು ದಿನ

ನಮ್ಮ ಯೂಟ್ಯೂಬ್ ಚಾನೆಲ್‌ನ ಸಂಕಲನಕಾರ ಪಣ ಕಟ್ಟಿದ್ದ. ಸಾಯುವ ಯೋಚನೆಯಿಂದ ಹೊರಬಂದ ಹುಡುಗನ ವಿಡಿಯೋಗೆ ಈ ಶೀರ್ಷಿಕೆ ಇಟ್ಟರೆ ಐನೂರು ಜನವೂ ತೆರೆಯುವುದಿಲ್ಲ, ತೆರೆದರೆ ಒಂದು ವಾರ ಬೆಣ್ಣೆ ದೋಸೆಯ ಖರ್ಚು ನನ್ನದು ಎಂದ. ದಾವಣಗೆರೆಯಲ್ಲಿ ಕೂತು ಇಂಥ ಪಣ ಕಟ್ಟಬಾರದು. ಒಂದು ವಾರವಲ್ಲ, ಹತ್ತು ದಿನ ತಿಂದೆ.

ಹಳೆಯ ಪಾಪದ ವಿಷಯ ಮೊದಲು ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ಇದೇ ಚಾನೆಲ್‌ನಲ್ಲಿ ಒಬ್ಬ ಕಾಲೇಜು ಹುಡುಗನ ಸಾವಿನ ಮೇಲೆ ‘ಜಾಗೃತಿ ವಿಡಿಯೋ’ ಮಾಡಿದ್ದೆ. ಶೀರ್ಷಿಕೆಯಲ್ಲಿ ‘ಬೆಚ್ಚಿಬೀಳಿಸುವ’ ಇತ್ತು, ‘ಶರಣು’ ಇತ್ತು, ‘ಶರಣು’ವಿನ ಹಿಂದೆ ಸಾಧನದ ಹೆಸರೂ ಇತ್ತು. ಒಂದೂವರೆ ಲಕ್ಷ ವೀಕ್ಷಣೆ ಬಂತು. ಜಾಹೀರಾತು ಕಡಿಮೆ ಮಾಡುವ ಯೂಟ್ಯೂಬ್‌ನ ಹಳದಿ ಗುರುತು ಬಿದ್ದಿದ್ದರಿಂದ ಕೈಗೆ ಸಿಕ್ಕಿದ್ದು ನಾಲ್ಕು ಸಾವಿರದ ಆಸುಪಾಸು. ಮೂರನೆಯ ವಾರ ಆ ಹುಡುಗನ ಅಕ್ಕ ಫೋನ್ ಮಾಡಿದರು. ಬೈಯಲಿಲ್ಲ. “ನನ್ನ ತಮ್ಮನ ಹೆಸರು ಹಾಕಿ ಹುಡುಕಿದರೆ ಮೊದಲು ಅವನು ಹೇಗೆ ಹೋದ ಎನ್ನುವುದೇ ಬರುತ್ತದೆ ಸರ್, ಹೇಗೆ ಇದ್ದ ಎನ್ನುವುದು ಎಲ್ಲೂ ಬರುವುದಿಲ್ಲ” ಎಂದರು. ವಿಡಿಯೋ ತೆಗೆದುಹಾಕಿದೆ. ಆಮೇಲೆ ಎರಡು ವರ್ಷ ಈ ವಿಷಯವನ್ನೇ ಮುಟ್ಟಲಿಲ್ಲ.

ಮತ್ತೆ ಮುಟ್ಟಿದ್ದು ಒಬ್ಬ ಹುಡುಗನಿಂದಾಗಿ. 2024ರ ಏಪ್ರಿಲ್‌ನಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ ಎರಡು ವಿಷಯ ಹೋಗಿದ್ದವು. ಆ ರಾತ್ರಿ ಸಾಯುವ ಯೋಚನೆ ಬಂದು, ಧಾರವಾಡದಲ್ಲಿದ್ದ ಅಕ್ಕನಿಗೆ ಫೋನ್ ಮಾಡಿ, ಮರುದಿನ ಆಪ್ತಸಮಾಲೋಚಕಿಯ ಬಳಿ ಹೋಗಿ, ಮೂರು ವಾರಕ್ಕೆ ಪರೀಕ್ಷೆ-2ಕ್ಕೆ ಕೂತವನು. ಮುಂದಿನ ವರ್ಷ ಫಲಿತಾಂಶದ ಹೊತ್ತಿಗೆ ತಾನೇ ಬಂದು ಇದನ್ನು ಹೇಳುತ್ತೇನೆ ಎಂದ. ಮುಖ ತೋರಿಸುವುದು ಬೇಡ ಎಂದು ನಾವೇ ಹೇಳಿದೆವು, ಹಿಂದಿನಿಂದ ಚಿತ್ರೀಕರಿಸಿದೆವು. ಆ ರಾತ್ರಿ ಏನು ಮಾಡಲು ಹೊರಟಿದ್ದೆ ಎಂದು ಅವನು ಹೇಳಿದ ನಲವತ್ತು ಸೆಕೆಂಡನ್ನು ಕತ್ತರಿಸಿದೆವು. ಉಳಿದದ್ದು ಹನ್ನೊಂದು ನಿಮಿಷ. ವಿಡಿಯೋ ಎರಡು ದಿನದಲ್ಲಿ ಸಿದ್ಧವಾಯಿತು, ಶೀರ್ಷಿಕೆಗೆ ಹನ್ನೊಂದು ದಿನ ಹಿಡಿಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಮಾಧ್ಯಮ ಸೂತ್ರಗಳನ್ನೂ ಭಾರತೀಯ ಪ್ರೆಸ್ ಕೌನ್ಸಿಲ್ 2019ರಲ್ಲಿ ಹೊರಡಿಸಿದ್ದನ್ನೂ ನೀವು ಓದಿರುತ್ತೀರಿ. ವಿಧಾನ ಬೇಡ, ಸ್ಥಳ ಬೇಡ, ಒಂದೇ ಕಾರಣಕ್ಕೆ ಕಟ್ಟಬೇಡ, ಸಹಾಯ ಎಲ್ಲಿ ಸಿಗುತ್ತದೆ ಹೇಳು. ಎಲ್ಲ ಸರಿ. ಆದರೆ ಅವು ಇಂಗ್ಲಿಷಿನಲ್ಲಿ ಯೋಚಿಸಿದ ಸೂತ್ರಗಳು. ನಮ್ಮ ಶೀರ್ಷಿಕೆಗಳಲ್ಲಿ ವಿಷ ಎಲ್ಲಿ ಅಡಗಿರುತ್ತದೆ ಎನ್ನುವುದು ಅವುಗಳಿಗೆ ಗೊತ್ತಿಲ್ಲ.

‘ಶರಣು’ ಪದವನ್ನೇ ನೋಡಿ. ವಚನಕಾರರು ದೇವರ ಮುಂದೆ ಹೇಳಿದ ಪದವನ್ನು ನಾವು ಸಾವಿನ ಮುಂದೆ ತಂದಿಟ್ಟಿದ್ದೇವೆ. ಸೋತವನು ತಲೆಬಾಗಿದ, ಬೇರೆ ದಾರಿ ಇರಲಿಲ್ಲ ಎನ್ನುವ ಧ್ವನಿ ಅದರಲ್ಲೇ ಇದೆ. ಅದಕ್ಕಿಂತ ಕೆಟ್ಟದ್ದೆಂದರೆ ವ್ಯಾಕರಣ: ‘ಶರಣು’ ಎಂದರೆ ‘ಯಾವುದಕ್ಕೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಆ ಖಾಲಿ ಜಾಗದಲ್ಲಿ ಸಾಧನದ ಹೆಸರು ತಾನಾಗಿಯೇ ಬಂದು ಕೂರುತ್ತದೆ. ಪದ ತೆಗೆದರೆ ಸಾಧನವೂ ಹೋಗುತ್ತದೆ. ‘ವಿಫಲ ಯತ್ನ’ವೂ ಹಾಗೆಯೇ. ಉಳಿದುಕೊಂಡ ಹುಡುಗನಿಗೆ ‘ನೀನು ಇದರಲ್ಲೂ ಫೇಲ್’ ಎಂದು ಹೇಳಿದಂತೆ.

ನನ್ನನ್ನು ಹೆಚ್ಚು ಕಾಡಿದ್ದು ‘ಕ್ಕೆ’. ‘ತಂದೆ ಬೈದಿದ್ದಕ್ಕೆ’, ‘ಮೊಬೈಲ್ ಕೊಡಿಸದ್ದಕ್ಕೆ’, ‘ಫೇಲಾಗಿದ್ದಕ್ಕೆ’. ಈ ಒಂದು ಪ್ರತ್ಯಯ ಒಬ್ಬ ಮನುಷ್ಯನ ತಿಂಗಳುಗಟ್ಟಲೆಯ ನಿದ್ದೆಗೇಡು, ಒಂಟಿತನ, ಚಿಕಿತ್ಸೆ ಸಿಗದ ಖಿನ್ನತೆ ಎಲ್ಲವನ್ನೂ ನುಂಗಿ ಅಂಗಡಿಯ ಲೆಕ್ಕದಂತೆ ಮಾಡಿಬಿಡುತ್ತದೆ: ಇದು ಕೊಟ್ಟರೆ ಅದು. ಅದೇ ಅಂಕ ಬಂದ ಇನ್ನೊಬ್ಬ ಹುಡುಗ ಅದನ್ನು ಓದಿದಾಗ ಲೆಕ್ಕ ಅವನಿಗೂ ಅನ್ವಯಿಸುತ್ತದೆ. ನನ್ನ ಮೂರನೆಯ ಕರಡಿನಲ್ಲಿ ‘ಫೇಲಾಗಿದ್ದಕ್ಕೆ ಸೋಲೊಪ್ಪದ ಹುಡುಗ’ ಎಂದಿತ್ತು. ಒಳ್ಳೆಯ ಮಾತೇ ಆದರೂ ‘ಕ್ಕೆ’ ಅಲ್ಲೇ ಕೂತಿತ್ತು. ಈಗ ನಾನು ‘ಮೇಲೆ’, ‘ನಂತರ’ ಬಳಸುತ್ತೇನೆ. ಕಾಲ ಹೇಳಬಹುದು, ಕಾರಣ ಹೇಳಬಾರದು.

ಆರನೆಯ ಕರಡು ನನಗೆ ಬಹಳ ಹಿಡಿಸಿತ್ತು. ‘ಫಲಿತಾಂಶದ ರಾತ್ರಿ ಬದುಕು ಸಾಕು ಎಂದುಕೊಂಡ ಹುಡುಗ ಮನೆಯವರ ಜೊತೆ ಮಾತಾಡಿ ಚೇತರಿಸಿಕೊಂಡ’. ಸೂತ್ರಗಳ ಪ್ರಕಾರ ಎಲ್ಲವೂ ಸರಿ: ವಿಧಾನವಿಲ್ಲ, ಕಾರಣವಿಲ್ಲ, ಚೇತರಿಕೆ ಇದೆ. ಯಾರಿಗೂ ಕಾಣದಂತೆ ಏರಿಸಿ ಮೊಬೈಲ್‌ನಲ್ಲಿ ನೋಡಿದೆ. ಪರದೆಯ ಮೇಲೆ ಇದ್ದದ್ದು ಇಷ್ಟೇ: ‘ಫಲಿತಾಂಶದ ರಾತ್ರಿ ಬದುಕು ಸಾಕು ಎಂದುಕೊಂಡ ಹುಡುಗ…’

ಮೂರು ಚುಕ್ಕೆಗಳಲ್ಲಿ ಚೇತರಿಕೆ ಪೂರ್ತಿ ಮಾಯ. ಇದು ಕನ್ನಡದ್ದೇ ತೊಂದರೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುತ್ತದೆ, ಕತ್ತರಿ ಬೀಳುವುದೂ ಕೊನೆಗೇ. ನೋವು ಪರದೆಯ ಮೇಲೆ ಉಳಿಯುತ್ತದೆ, ನೋವು ಏನಾಯಿತು ಎನ್ನುವುದು ಕತ್ತರಿಸಿಹೋಗುತ್ತದೆ. ಜೊತೆಗೆ ಯೂಟ್ಯೂಬ್ ಕೊಡುವ ನೂರು ಅಕ್ಷರ ನಾವು ಎಣಿಸುವ ಅಕ್ಷರವಲ್ಲ. ‘ಆತ್ಮಹತ್ಯೆ’ ನಮಗೆ ನಾಲ್ಕಕ್ಷರ, ಯಂತ್ರಕ್ಕೆ ಒಂಬತ್ತು. ಒತ್ತು, ಗುಣಿತ, ಹಲಂತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ನನ್ನ ಮೊಬೈಲ್‌ನಲ್ಲಿ ಯಂತ್ರದ ಲೆಕ್ಕದ ಸುಮಾರು ನಲವತ್ತರಿಂದ ನಲವತ್ತೈದರ ಆಚೆಗೆ ಏನೂ ಕಾಣಲಿಲ್ಲ. ನೋಟಿಫಿಕೇಶನ್ ಆಗಿ ಬಂದಾಗ ಇನ್ನೂ ಕಡಿಮೆ.

ಅಲ್ಲಿಂದ ನನ್ನ ಪದ್ಧತಿ ತಿರುಗಿತು. ಮೊದಲ ಮೂರು ಪದಗಳಲ್ಲಿ ಒಂದು ವಾಕ್ಯ ಕ್ರಿಯಾಪದದ ಸಮೇತ ಮುಗಿಯಬೇಕು, ಆ ಕ್ರಿಯೆ ಬದುಕಿನ ಕಡೆಗೆ ಇಟ್ಟ ಹೆಜ್ಜೆಯಾಗಿರಬೇಕು. ಸಂದರ್ಭವೆಲ್ಲ ಅದರ ಆಚೆಗೆ. ಕತ್ತರಿ ಎಲ್ಲಿ ಬಿದ್ದರೂ ಉಳಿಯುವುದು ಆ ಹೆಜ್ಜೆ.

ಹೀಗೆ ಮಾಡಿದ ಎಂಟನೆಯ ಕರಡು ‘ಬದುಕುಳಿದವನು ಮಾತಾಡಿದ’. ಹುಡುಗನನ್ನೂ ಅವನ ಅಕ್ಕನನ್ನೂ ಕೂರಿಸಿ ಗಟ್ಟಿಯಾಗಿ ಓದಿದೆ. ಹುಡುಗ ನಕ್ಕ. “ಬದುಕುಳಿಯುವುದಕ್ಕೆ ನಾನೇನು ಬಸ್ ಅಪಘಾತದಲ್ಲಿ ಸಿಕ್ಕಿದ್ದೆನೇ ಸರ್? ನಾನು ಅಕ್ಕನಿಗೆ ಫೋನ್ ಮಾಡಿದೆ, ಅಷ್ಟೇ.” ನಾನು ಹನ್ನೊಂದು ದಿನದಿಂದ ಹುಡುಕುತ್ತಿದ್ದ ವಾಕ್ಯ ಅವನ ಬಾಯಲ್ಲಿತ್ತು.

‘ಅಕ್ಕನಿಗೆ ಫೋನ್ ಮಾಡಿದೆ: ಪಿಯು ಫಲಿತಾಂಶ ಬಂದ ಮೇಲಿನ ಮೂರು ವಾರ’.

ಯಂತ್ರದ ಲೆಕ್ಕದಲ್ಲಿ ಐವತ್ತಮೂರು. ಮೊದಲ ಇಪ್ಪತ್ತರಲ್ಲೇ ವಾಕ್ಯ ಮುಗಿಯುತ್ತದೆ. ‘ಮಾಡಿದೆ’ ಎನ್ನುವಲ್ಲಿ ‘ನಾನು’ ಅಡಗಿರುವುದರಿಂದ ಹೇಳುತ್ತಿರುವವನು ಅವನೇ, ಅವನ ಬಗ್ಗೆ ಬೇರೆ ಯಾರೋ ಅಲ್ಲ. ‘ಮೂರು ವಾರ’ ಎಂದರೆ ಪರೀಕ್ಷೆ-2 ಬರೆದವರಿಗೂ ಅವರ ಮನೆಯವರಿಗೂ ಥಟ್ಟನೆ ಗೊತ್ತಾಗುತ್ತದೆ. ಪದ್ಯ ಬರೆದಷ್ಟು ಖುಷಿಯಾಯಿತು ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ಸಂಕಲನಕಾರ ಮಾತ್ರ “ಸರ್, ಇದು ಮೊಬೈಲ್ ಕಂಪನಿಯ ಜಾಹೀರಾತಿನಂತಿದೆ” ಎಂದ. ನಗರದ ಒಂದು ತರಬೇತಿ ಕೇಂದ್ರದವರು ಹನ್ನೆರಡು ಸಾವಿರ ಕೊಡುತ್ತೇವೆ, ಶೀರ್ಷಿಕೆಯಲ್ಲಿ ‘ಫೇಲ್’ ಇರಲಿ, ಕೊನೆಯಲ್ಲಿ ನಮ್ಮ ಹೆಸರಿರಲಿ ಎಂದರು. ಆ ತಿಂಗಳು ಕ್ಯಾಮೆರಾ ಬಾಡಿಗೆಯೇ ಆರು ಸಾವಿರ ಬಾಕಿ ಇತ್ತು. ಒಂದು ರಾತ್ರಿ ಯೋಚಿಸಿ, ಬೇಡ ಎಂದೆ. ಒಂದು ರಾತ್ರಿ ಯೋಚಿಸಿದ್ದು ನಿಜ.

ನಡುವೆ ಕೆಲವು ಅಡ್ಡ ಪ್ರಯೋಗಗಳೂ ಆದವು. ಜಾಹೀರಾತಿನ ಹಳದಿ ಗುರುತು ತಪ್ಪಿಸಲು ‘ಆತ್ಮಹತ್ಯೆ’ ಪದದ ನಡುವೆ ನಕ್ಷತ್ರ ಹಾಕುತ್ತಾರಲ್ಲ, ಅದನ್ನು ಬೇರೊಂದು ವಿಡಿಯೋದಲ್ಲಿ ಹಿಂದೆ ಮಾಡಿ ನೋಡಿದ್ದೆ. ಕನ್ನಡದಲ್ಲಿ ನಕ್ಷತ್ರ ಒತ್ತಕ್ಷರವನ್ನು ಒಡೆದು ಹಾಕುತ್ತದೆ, ಹುಡುಕಿದವರಿಗೆ ಸಿಗುವುದಿಲ್ಲ, ಓದುವವರಿಗೆ ಏನೋ ಕದ್ದು ಮುಚ್ಚಿ ಹೇಳಿದಂತೆ ಕಾಣುತ್ತದೆ. ಆ ಪದ ಅಸ್ಪೃಶ್ಯವೇನೂ ಅಲ್ಲ. ವಿಡಿಯೋದ ಒಳಗೆ ಸಮಾಲೋಚಕಿ ಮೇಡಂ ಆ ಪದವನ್ನು ನೇರವಾಗಿಯೇ ಬಳಸುತ್ತಾರೆ. ಸಾಯುವ ಯೋಚನೆ ಇದೆಯೇ ಎಂದು ಕೇಳುವುದರಿಂದ ಯಾರಿಗೂ ಆ ಯೋಚನೆ ಹುಟ್ಟುವುದಿಲ್ಲ ಎಂದು ವಿವರಿಸುತ್ತಾರೆ. ವಿಡಿಯೋದ ಕೆಳಗಿನ ವಿವರಣೆಯಲ್ಲೂ ಆ ಪದ ಪೂರ್ತಿಯಾಗಿ ಇದೆ. ಹುಡುಕಿ ಬರುವವರು ಆ ದಾರಿಯಲ್ಲಿ ಬರುತ್ತಾರೆ. ಶೀರ್ಷಿಕೆ ಮಾತ್ರ ಹುಡುಕದವರ ಕಣ್ಣಿಗೂ ಬೀಳುತ್ತದೆ, ಅದಕ್ಕೇ ಅಲ್ಲಿ ಬೇಡ ಎಂದೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416 ಅನ್ನು ಶೀರ್ಷಿಕೆಗೇ ಸೇರಿಸಿ ನೋಡಿದೆ. ಲಾಟರಿ ಟಿಕೆಟ್‌ನಂತೆ ಕಂಡಿತು. ಅದೀಗ ವಿವರಣೆಯ ಮೊದಲ ಸಾಲಿನಲ್ಲಿದೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ ಎಂಬ ಮಾತಿನ ಸಮೇತ. ಥಂಬ್‌ನೇಲ್‌ನಲ್ಲಿ ತಲೆ ಹಿಡಿದು ಕೂತ ಹುಡುಗನ ಬದಲು ಸ್ಟೀಲ್ ಲೋಟದ ಪಕ್ಕ ಇಟ್ಟ ಒಂದು ಫೋನ್. ಅದರ ಮೇಲೆ ಬರೆದ ಎರಡು ಪದ ಯಾವುವು, ಅವನ್ನು ಹೇಗೆ ಆರಿಸಿದೆ ಎನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಹಲವು ಥಂಬ್‌ನೇಲ್ ಹಾಕಿ ಹೋಲಿಸುವ ಸೌಲಭ್ಯ ಇದೆಯಲ್ಲ, ಹಳೆಯ ಭಯಂಕರ ಮಾದರಿಯನ್ನೂ ಒಂದು ಕಡೆ ಹಾಕಿ ನೋಡೋಣ ಎಂದ ಸಂಕಲನಕಾರ. ಒಪ್ಪಲಿಲ್ಲ. ಹೋಲಿಕೆ ಎಂದರೆ ಆ ಮಾದರಿಯನ್ನು ಒಂದಷ್ಟು ಸಾವಿರ ಜನರಿಗೆ ನಿಜವಾಗಿಯೇ ತೋರಿಸುವುದು. ಅದರಲ್ಲಿ ಯಾರು ಯಾವ ಸ್ಥಿತಿಯಲ್ಲಿ ಫೋನ್ ಹಿಡಿದಿದ್ದಾರೋ ನಮಗೆ ತಿಳಿಯುವುದಿಲ್ಲ. ಸುರಕ್ಷಿತವಾದ ಎರಡರ ನಡುವೆ ಮಾತ್ರ ಹೋಲಿಸಿದೆವು.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೊದಲ ಎರಡು ದಿನ ನಾನೂರು ಚಿಲ್ಲರೆ, ಸಂಕಲನಕಾರ ಮೀಸೆ ತಿರುವುತ್ತಿದ್ದ. ಆರನೆಯ ದಿನ ಐನೂರು ದಾಟಿತು, ತಿಂಗಳಿಗೆ ಹನ್ನೊಂದು ಸಾವಿರ, ಈಗ ನಲವತ್ತು ಸಾವಿರದ ಹತ್ತಿರ. ಹಳೆಯದರ ಮೂರನೇ ಒಂದು ಪಾಲೂ ಇಲ್ಲ. ಆದರೆ ಹಳೆಯದನ್ನು ಜನ ಸರಾಸರಿ ಎರಡು ನಿಮಿಷವೂ ನೋಡಿರಲಿಲ್ಲ, ಇದನ್ನು ಆರು ನಿಮಿಷದವರೆಗೆ ನೋಡುತ್ತಾರೆ. ಮೊದಲು ಇದಕ್ಕೂ ಹಳದಿ ಬಿದ್ದಿತ್ತು, ಮರುಪರಿಶೀಲನೆಗೆ ಕೇಳಿದೆ, ನಾಲ್ಕು ದಿನದಲ್ಲಿ ಹಸಿರಾಯಿತು. ಹಣ ಎರಡು ಸಾವಿರ ಮುಟ್ಟಿಲ್ಲ. ಕ್ಯಾಮೆರಾ ಬಾಡಿಗೆಯನ್ನು ಎರಡು ಮದುವೆಗಳ ಚಿತ್ರೀಕರಣದಿಂದ ತೀರಿಸಿದೆ. ನನಗೆ ಸಮಾಧಾನ ಕೊಟ್ಟದ್ದು ಪ್ರತಿಕ್ರಿಯೆಗಳು. ಹಳೆಯದರ ಕೆಳಗೆ ‘ಹೇಗಾಯಿತು?’ ಎಂದು ಕೇಳುತ್ತಿದ್ದರು. ಇದರ ಕೆಳಗೆ ‘ಅಕ್ಕ ಏನು ಹೇಳಿದರು?’ ಎಂದು ಕೇಳುತ್ತಾರೆ.

ಎಲ್ಲ ಕಡೆ ಇದು ನಡೆಯುತ್ತದೆ ಎಂದು ಹೇಳಲಾರೆ. ಈ ಪದ್ಧತಿಗೆ ಹೆಜ್ಜೆ ಇಟ್ಟ ಒಬ್ಬ ಮನುಷ್ಯ ಬೇಕು. ಈಗ ಹಾವೇರಿ ಕಡೆಯ ಒಬ್ಬ ರೈತರ ಹೆಂಡತಿಯ ಮಾತು ಚಿತ್ರೀಕರಿಸಿಕೊಂಡು ಬಂದಿದ್ದೇವೆ. ಗಂಡ ಉಳಿಯಲಿಲ್ಲ. ‘ಸಾಲಬಾಧೆ’ ಎಂದು ಬರೆದರೆ ಅದು ‘ಕ್ಕೆ’ಯ ದೊಡ್ಡಣ್ಣ, ಬರೆಯದಿದ್ದರೆ ಸಾಲ ಕೊಟ್ಟವರನ್ನು ಬಚಾವು ಮಾಡಿದಂತೆ ಎಂದು ಆಕೆಯೇ ಹೇಳುತ್ತಾರೆ. ಅವರ ಮಾತಿನಲ್ಲಿ ಕ್ರಿಯಾಪದಗಳನ್ನು ಹುಡುಕುತ್ತಿದ್ದೇನೆ: ಎಮ್ಮೆ ಕಟ್ಟಿದೆ, ಸಂಘಕ್ಕೆ ಸೇರಿದೆ, ಪಹಣಿ ಹೆಸರಿಗೆ ಮಾಡಿಸಿದೆ. ಹದಿನಾಲ್ಕು ಕರಡು ಆಗಿವೆ. ಸಂಕಲನಕಾರ ಈ ಸಲ ಪಣ ಕಟ್ಟಲು ಒಪ್ಪುತ್ತಿಲ್ಲ.