ಮೇ ತಿಂಗಳಲ್ಲಿ ಉದ್ದು ರುಬ್ಬಿದ್ದು

ಮದುವೆಯಾಗಿ ಗಂಗಾವತಿಗೆ ಬಂದ ಮೊದಲ ಬೇಸಿಗೆಯಲ್ಲಿ ನನ್ನ ಇಡ್ಲಿ ಮೂರು ವಾರ ಒಂದೇ ಸಮ ಕೆಟ್ಟಿತು. ಅಳತೆ ಯಾವಾಗಲಿನದೇ: ಒಂದು ಲೋಟ, ಅಂದರೆ ಸುಮಾರು 200 ಗ್ರಾಂ ಉದ್ದಿನಬೇಳೆಗೆ ಎರಡು ಲೋಟ ಇಡ್ಲಿ ರವೆ. ಚಳಿಗಾಲದಲ್ಲಿ ಇದೇ ಅಳತೆಯಲ್ಲಿ ಮೆತ್ತಗೆ ಬರುತ್ತಿದ್ದ ಇಡ್ಲಿ ಈಗ ಚಪ್ಪಟೆಯಾಗಿ, ಬಾಯಲ್ಲಿ ಅಂಟಂಟಾಗಿ, ಮೇಲೆ ಹುಳಿಯಾಗಿ ಬರತೊಡಗಿತು. ತಪ್ಪು ರವೆಯದೇ ಅಂದುಕೊಂಡು ಎರಡು ಅಂಗಡಿ ಬದಲಿಸಿದೆ. ಏನೂ ಆಗಲಿಲ್ಲ.

ಒಂದು ಸಂಜೆ ಗ್ರೈಂಡರ್ ತಿರುಗುತ್ತಿದ್ದಾಗ ಅತ್ತೆ ಅದನ್ನು ನಿಲ್ಲಿಸಿ ಹಿಟ್ಟಿಗೆ ಬೆರಳಿಟ್ಟರು. "ನೋಡವಾ, ಹಿಟ್ಟು ಬಿಸಿ ಆಗೇತಿ. ಒಳ್ಳಿನಾಗ ರುಬ್ಬುವಾಗ ನಾವು ಮಡಿಕಿ ನೀರs ಹಾಕ್ತಿದ್ವಿ" ಅಂದರು. ನಾನೂ ಮುಟ್ಟಿ ನೋಡಿದೆ. ಬೆಚ್ಚಗಿನ ಗಂಜಿ ಮುಟ್ಟಿದ ಹಾಗಿತ್ತು. ನಾನು ಹಾಕುತ್ತಿದ್ದುದು ಮಾಳಿಗೆ ಮೇಲಿನ ಟ್ಯಾಂಕಿನಿಂದ ನಲ್ಲಿಗೆ ಬರುವ ನೀರು. ಇಲ್ಲಿ ಮೇ ತಿಂಗಳಲ್ಲಿ ಸಂಜೆ ಏಳಕ್ಕೂ ಅದು ಬಿಸಿಯೇ ಇರುತ್ತದೆ.

ಉದ್ದು ರುಬ್ಬುವುದೆಂದರೆ ಬೇಳೆ ನುಣ್ಣಗೆ ಮಾಡುವುದಷ್ಟೇ ಅಲ್ಲ, ಅದರೊಳಗೆ ಗಾಳಿ ತುಂಬುವುದು. ಬೇಳೆಯಲ್ಲಿರುವ ಲೋಳೆ ಮತ್ತು ಪ್ರೋಟೀನು ಆ ಗಾಳಿಯನ್ನು ಹಿಡಿದಿಡುತ್ತವೆ. ಹಿಟ್ಟು ಬಿಸಿಯಾದರೆ ಆ ಹಿಡಿತ ಸಡಿಲವಾಗಿ ಹಿಟ್ಟು ಉಬ್ಬುವ ಬದಲು ಬರೀ ಅಂಟಾಗುತ್ತದೆ. ಅದೂ ಅಲ್ಲದೆ, ಬೆಚ್ಚಗಿನ ಹಿಟ್ಟು ನಡುರಾತ್ರಿಗೇ ಉಬ್ಬಿ, ಬೆಳಗಾಗುವುದರೊಳಗೆ ಇಳಿದು ಹುಳಿಯಾಗಿರುತ್ತದೆ. ನನ್ನ ಇಡ್ಲಿಗೆ ಆಗಿದ್ದೂ ಇದೇ.

ಮುಂದಿನ ಸಲ ಹೀಗೆ ಮಾಡಿದೆ. ಬೇಳೆಯನ್ನು ಮೂರು ಸಲ ತೊಳೆದು, ನೀರು ಹಾಕಿ, ನಾಲ್ಕು ತಾಸು ಫ್ರಿಜ್ಜಿನಲ್ಲೇ ನೆನೆಯಲು ಇಟ್ಟೆ. ಹೊರಗೆ ಇಟ್ಟರೆ ಈ ಸೆಕೆಗೆ ನೆನೆಸಿದ ನೀರೇ ನೊರೆಯಾಗಿ ವಾಸನೆ ಬರುತ್ತದೆ. ರವೆಯನ್ನು ಬೇರೆ ಪಾತ್ರೆಯಲ್ಲಿ ನೆನೆಸಿದೆ. ಒಂದೂವರೆ ಲೋಟ ನೀರನ್ನು ಅಳೆದು ಚೊಂಬಿನಲ್ಲಿ ತಣ್ಣಗಾಗಲು ಇಟ್ಟೆ. ಅಳೆದು ಇಟ್ಟಿದ್ದೇ ಮುಖ್ಯ, ಇಲ್ಲದಿದ್ದರೆ ಕೈಯಂದಾಜಿನಲ್ಲಿ ಹೆಚ್ಚಾಗಿಬಿಡುತ್ತದೆ.

ಗ್ರೈಂಡರಿಗೆ ಬೇಳೆ ಹಾಕಿ ಮೊದಲು ಅರ್ಧ ಲೋಟ ನೀರು ಮಾತ್ರ ಹಾಕಿದೆ. ಐದಾರು ನಿಮಿಷಕ್ಕೆ ಬೇಳೆ ಒಡೆದು ಗಟ್ಟಿ ಮುದ್ದೆಯಾಯಿತು, ಕಲ್ಲು ತಿಣುಕತೊಡಗಿತು. ಅಲ್ಲಿಂದ ಎರಡೆರಡು ಚಮಚ ನೀರು ಚಿಮುಕಿಸುತ್ತ, ಗೋಡೆಗೆ ಹತ್ತಿದ್ದನ್ನು ಕೆಳಗೆ ಸರಿಸುತ್ತ ಹೋದೆ. ನೀರು ಒಮ್ಮೆಲೇ ಸುರಿದರೆ ಬೇಳೆ ಕಲ್ಲಿಗೆ ಸಿಗದೆ ಜಾರುತ್ತದೆ, ಗಾಳಿಯೂ ನಿಲ್ಲುವುದಿಲ್ಲ. ತೀರಾ ಕಡಿಮೆಯಾದರೆ ತಿಕ್ಕಾಟಕ್ಕೇ ಹಿಟ್ಟು ಕಾಯುತ್ತದೆ. ಹದಿನೈದು ನಿಮಿಷದ ಹೊತ್ತಿಗೆ ಹಿಟ್ಟು ಮೇಲೇರಲು ಶುರುವಾಯಿತು, ಕಲ್ಲಿನ ಸದ್ದೂ ಮೆದುವಾಯಿತು. ಇಪ್ಪತ್ತೈದು ನಿಮಿಷಕ್ಕೆ ನಿಲ್ಲಿಸಿದಾಗ ಚೊಂಬಿನಲ್ಲಿ ಎರಡು ಮೂರು ಚಮಚ ನೀರು ಉಳಿದಿತ್ತು. ಬೇಳೆ ಹೊಸದೋ ಹಳೆಯದೋ ಅನ್ನುವುದರ ಮೇಲೆ ಇದು ಸ್ವಲ್ಪ ಆಚೆ ಈಚೆ ಆಗುತ್ತದೆ, ಆದ್ದರಿಂದ ಕೊನೆಯ ಮಾತು ಲೋಟದ್ದಲ್ಲ, ಹಿಟ್ಟಿನದು.

ಹದ ನೋಡಲು ಬಟ್ಟಲು ನೀರಿಗೆ ಚೂರು ಹಿಟ್ಟು ಬಿಟ್ಟೆ. ತೇಲಿತು, ಕರಗಿ ಹರಡಲಿಲ್ಲ. ಮುಳುಗಿದರೆ ಗಾಳಿ ಸಾಲದು, ಇನ್ನೂ ರುಬ್ಬಬೇಕು. ಮೇಲೇ ಹರಡಿಕೊಂಡರೆ ನೀರು ಹೆಚ್ಚಾಗಿದೆ, ಅದಕ್ಕೆ ಮದ್ದಿಲ್ಲ. ಎರಡು ಬೆರಳ ನಡುವೆ ತಿಕ್ಕಿದಾಗ ತರಿ ಸಿಗಲಿಲ್ಲ. ಕೈಯಿಂದ ಎತ್ತಿದರೆ ಧಾರೆಯಾಗಿ ಹರಿಯದೆ ತಟಪಟ ಮುದ್ದೆಯಾಗಿ ಬಿತ್ತು, ಬಿದ್ದ ಗುಪ್ಪೆ ಒಂದು ಕ್ಷಣ ಹಾಗೇ ನಿಂತಿತು. ಒಂದು ಲೋಟ ಬೇಳೆ ಪಾತ್ರೆಯಲ್ಲಿ ನಾಲ್ಕು ಲೋಟಕ್ಕೂ ಮಿಕ್ಕಿತ್ತು. ಮುಟ್ಟಿದರೆ ತಣ್ಣಗಿತ್ತು.

ರವೆಯನ್ನು ಬಿಗಿಯಾಗಿ ಹಿಂಡಿ ಕೈಯಿಂದಲೇ ಬೆರೆಸಿದೆ. ಇಲ್ಲಿ ನೀರು ಉಳಿದರೆ ರವೆ ತಳಕ್ಕಿಳಿದು ಇಡ್ಲಿಯ ಅಡಿ ಗಟ್ಟಿಯಾಗುತ್ತದೆ. ರಾತ್ರಿ ಹತ್ತಕ್ಕೆ ಮುಚ್ಚಿಟ್ಟ ಹಿಟ್ಟು ಬೆಳಗಿನ ಐದಕ್ಕೆ ಎರಡರಷ್ಟಾಗಿತ್ತು, ಇಳಿದಿರಲಿಲ್ಲ.

ಕರೆಂಟು ಕೈಕೊಟ್ಟು, ಅದು ಮರಳಿ ಬರುವಷ್ಟರಲ್ಲಿ ಹೊತ್ತು ಮೀರಿದ ದಿನ ಮಿಕ್ಸಿಯೇ ಗತಿ. ಅದರ ಬ್ಲೇಡು ಬೇಗ ಬಿಸಿಯಾಗುವುದರಿಂದ ಅರ್ಧರ್ಧ ಬೇಳೆ ಹಾಕಿ, ಅರ್ಧ ನಿಮಿಷ ತಿರುಗಿಸಿ, ಒಂದು ನಿಮಿಷ ಬಿಡುತ್ತೇನೆ. ನೀರು ಒಟ್ಟು ಒಂದು ಲೋಟದ ಮೇಲೆ ಸ್ವಲ್ಪ ಸಾಕು. ಐಸ್ ತುಂಡು ಹಾಕಿದರೆ ಕರಗುವ ನೀರನ್ನೂ ಆ ಲೆಕ್ಕಕ್ಕೇ ಸೇರಿಸುತ್ತೇನೆ. ಗ್ರೈಂಡರಿನಷ್ಟು ಹಿಟ್ಟು ಉಬ್ಬುವುದಿಲ್ಲ, ಹಾಗಾಗಿ ಬೇಳೆ ಒಂದು ಹಿಡಿ ಜಾಸ್ತಿ.

ಡಿಸೆಂಬರಿನಲ್ಲಿ ಮಾತ್ರ ತಣ್ಣೀರಿನ ಈ ಪಾಠ ಬೇಡ. ಆಗ ಕೊಡದ ನೀರಿನಲ್ಲೇ ರುಬ್ಬುತ್ತೇನೆ. ಒಮ್ಮೆ ಫ್ರಿಜ್ಜಿನ ನೀರು ಹಾಕಿದ್ದಕ್ಕೆ ಹಿಟ್ಟು ಮರುದಿನ ಹನ್ನೊಂದಾದರೂ ಉಬ್ಬದೆ ಕುಳಿತಿತ್ತು, ಮಕ್ಕಳು ಅವಲಕ್ಕಿ ತಿಂದು ಶಾಲೆಗೆ ಹೋದರು.