ಇರಾನಿನ ಜನನ ಪತ್ರದ ತಾರೀಖು: ವರ್ಷವೂ ತಪ್ಪಿತ್ತು, ದಿನವೂ ತಪ್ಪಿತ್ತು

ಇರಾನಿ ಗೆಳತಿಯ ಜನನ ಪತ್ರವನ್ನು ಇಂಗ್ಲಿಷ್‌ಗೆ ಇಳಿಸುತ್ತಿದ್ದೆ. ಹುಟ್ಟಿದ ದಿನ ಇರಾನಿ ಪಂಚಾಂಗದ 1375ರ ದೇ ತಿಂಗಳ 15. ನಮ್ಮ ಇಸವಿಗೆ ತರಲು ಸುಮ್ನೆ 621 ಕೂಡಿಸಿ, 'ದೇ ಒಂದನೇ ತಾರೀಖು ಡಿಸೆಂಬರ್ 22' ಅಂತ ಹಿಡಿದು, 1996ರ ಜನವರಿ 5 ಎಂದು ಬರೆದೆ. ಪಾಸ್‌ಪೋರ್ಟಿನಲ್ಲಿ 1997ರ ಜನವರಿ 4 ಇತ್ತು!

ಮತ್ತೆ ಮೊದಲಿಂದ ಎಣಿಸಿದೆ. ಅವರ ವರ್ಷ ಶುರುವಾಗುವುದು ಮಾರ್ಚ್‌ನಲ್ಲಿ. ಹಾಗಾಗಿ ಹತ್ತನೇ ತಿಂಗಳಾದ ದೇ ನಡುವೆಯೇ ನಮ್ಮ ಹೊಸ ವರ್ಷ ಬರುತ್ತದೆ. ಜನವರಿಯಿಂದಾಚೆಗೆ 622 ಕೂಡಿಸಬೇಕು.

ದಿನದ ತಪ್ಪು ಹಿಡಿಯಲು ಜಾಸ್ತಿ ಹೊತ್ತು ಬೇಕಾಯಿತು. 1375 ಶುರುವಾಗಿದ್ದು 1996ರ ಮಾರ್ಚ್ 20ಕ್ಕೆ, 21ಕ್ಕಲ್ಲ. ಮೊದಲ ಆರು ತಿಂಗಳಿಗೆ 31 ದಿನ, ಆಮೇಲಿನ ಮೂರಕ್ಕೆ 30. ಒಟ್ಟು 276. ಅಲ್ಲಿಗೆ ದೇ ಒಂದು ಡಿಸೆಂಬರ್ 21. ಇನ್ನು 14 ದಿನ ಸೇರಿಸಿದರೆ ಜನವರಿ 4. ಸರಿಹೋಯ್ತು ಅಲ್ವಾ! ಆಯಾ ವರ್ಷದ ಮೊದಲ ದಿನ ಯಾವುದೆಂದು ನೋಡದೆ ಎಣಿಸಲೇಬಾರದು.

ಅಂಕಿ ಓದುವಾಗಲೂ ಹುಷಾರು. ಪರ್ಷಿಯನ್‌ನಲ್ಲಿ ಸೊನ್ನೆ ಬರೀ ಒಂದು ಚುಕ್ಕಿ. ನಮ್ಮ ಕಣ್ಣಿಗೆ ಸೊನ್ನೆಯಂತೆ ಕಾಣುವ ದುಂಡನೆಯ ಅಂಕಿ ಐದು. ಆ ಪತ್ರದಲ್ಲಿ ತಾರೀಖನ್ನು ಅಕ್ಷರದಲ್ಲೂ ಬರೆದಿದ್ದರು, ಅದನ್ನು ತಾಳೆ ನೋಡಿದೆ. ಅನುವಾದದಲ್ಲಿ ಇರಾನಿ ತಾರೀಖು, ನಮ್ಮ ತಾರೀಖು ಎರಡನ್ನೂ ಇಟ್ಟೆ.